ಬೆಲೆ ಏರಿತು, ಸರಿದದ್ದು ಯಾವ ಗೆರೆ?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಹೋದ ವಾರದ ಕೂಟದಲ್ಲಿ ಒಂದು ಸಣ್ಣ ಜಗಳವಾಯಿತು. ನಿಮ್ಮಲ್ಲಿ ಹಲವರು ಅದನ್ನು ಕಂಡಿರಿ. ನೂಲು ಖಾತೆಯ ಸಂಗಾತಿಯೊಬ್ಬರು ಎದ್ದು, "ಬೇಳೆಯ ಬೆಲೆ ಏರಿದೆ, ಅಂಗಡಿಯವರು ಮಾಲು ಮುಚ್ಚಿಟ್ಟಿದ್ದಾರೆ" ಎಂದರು. ಕಿರಾಣಿ ಅಂಗಡಿಯ ಹಿರಿಯರೊಬ್ಬರು, "ತಮ್ಮಾ, ನಮಗೇ ಮೇಲಿನಿಂದ ಮಾಲು ಬರುತ್ತಿಲ್ಲ, ನಾವು ಏನನ್ನು ಮುಚ್ಚಿಡೋಣ?" ಎಂದರು. ಇಬ್ಬರ ದನಿಯೂ ಏರಿತು. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ: "ಮಾಸ್ತರರೆ, ಬೆಲೆ ಏರಿದರೆ ಕೊಳ್ಳುವುದು ಕಡಿಮೆಯಾಗುತ್ತದೆ ಎನ್ನುತ್ತೀರಿ. ಕೊಳ್ಳುವುದು ಕಡಿಮೆಯಾದರೆ ಬೆಲೆ ಇಳಿಯುತ್ತದೆ ಎಂದೂ ಹೇಳುತ್ತೀರಿ. ಹಾಗಾದರೆ ಏರಿದ ಬೆಲೆ ತಾನೇ ಇಳಿಯಬೇಕಲ್ಲ, ಯಾಕೆ ಇಳಿಯುವುದಿಲ್ಲ?"

ಆ ಹೊತ್ತಿಗೆ ನಾವು ಸರಿಯಾದ ಉತ್ತರ ಕೊಡಲಿಲ್ಲ. ಇಂದು ಕರಿಹಲಗೆ ತಂದಿದ್ದೇವೆ. ಹುಡುಗನ ಪ್ರಶ್ನೆಗೂ ಆ ಇಬ್ಬರ ಜಗಳಕ್ಕೂ ಒಂದೇ ಚಿತ್ರದಲ್ಲಿ ಉತ್ತರವಿದೆ. ಈ ಚಿತ್ರವನ್ನು ಇಂಗ್ಲಿಷಿನಲ್ಲಿ ಮೊದಲು ಬರೆದು ತೋರಿಸಿದವರಲ್ಲಿ ಒಬ್ಬನು ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರು. ಸಮುದ್ರದ ತಳದಲ್ಲಿ ತಂತಿ ಹಾಕುವ ಕೆಲಸ ಮಾಡಿದವನು. 1870ರಲ್ಲಿ ಅವನು ಅದನ್ನು ಬರೆದದ್ದು ದುಡಿಮೆಯ ಕೂಲಿ ಹೇಗೆ ಏರುತ್ತದೆ, ಇಳಿಯುತ್ತದೆ ಎಂಬುದನ್ನು ವಿಚಾರ ಮಾಡುವುದಕ್ಕಾಗಿ. ಆದ್ದರಿಂದ ಇದು ಪಂಡಿತರ ಮನೆಯ ಸೊತ್ತಲ್ಲ. ಕೂಲಿಗಾರನೂ ವ್ಯಾಪಾರಿಯೂ ಕೈಗೆತ್ತಿಕೊಳ್ಳಬಹುದಾದ ಉಪಕರಣ.

ಮೊದಲು ಚಿತ್ರ ಬರೆಯೋಣ. ಕೆಳಗಿನಿಂದ ಮೇಲಕ್ಕೆ ಒಂದು ಗೆರೆ. ಇದರ ಮೇಲೆ ಬೆಲೆ ಗುರುತಿಸುತ್ತೇವೆ. ಎಡದಿಂದ ಬಲಕ್ಕೆ ಒಂದು ಗೆರೆ. ಇದರ ಮೇಲೆ ಮಾಲಿನ ಪ್ರಮಾಣ. ಮಾಲು ಯಾವುದು? ನಿಮ್ಮೆಲ್ಲರಿಗೂ ಗೊತ್ತಿರುವ ಹತ್ತಿಯನ್ನೇ ತೆಗೆದುಕೊಳ್ಳೋಣ. ಒಂದು ಪೇಟೆಯಲ್ಲಿ ಒಂದು ದಿನದ ವ್ಯಾಪಾರ ಎಂದುಕೊಳ್ಳಿ. ಈಗ ಹೇಳುವ ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾವೇ ಹಿಡಿದುಕೊಂಡವು.

ಬೆಲೆ ಮಣಕ್ಕೆ 8 ರೂಪಾಯಿ: ಕೊಳ್ಳುವವರು ಕೇಳುವುದು 120 ಮಣ, ಮಾರುವವರು ತರುವುದು 80 ಮಣ.
ಬೆಲೆ 10 ರೂಪಾಯಿ: ಕೇಳುವುದು 100 ಮಣ, ತರುವುದು 100 ಮಣ.
ಬೆಲೆ 12 ರೂಪಾಯಿ: ಕೇಳುವುದು 80 ಮಣ, ತರುವುದು 120 ಮಣ.
ಬೆಲೆ 14 ರೂಪಾಯಿ: ಕೇಳುವುದು 60 ಮಣ, ತರುವುದು 140 ಮಣ.

ಕೊಳ್ಳುವವರ ಚುಕ್ಕಿಗಳನ್ನು ಕೂಡಿಸಿದರೆ ಎಡದ ಮೇಲಿನಿಂದ ಬಲದ ಕೆಳಕ್ಕೆ ಇಳಿಯುವ ಗೆರೆಯಾಯಿತು. ಇದು ಬೇಡಿಕೆಯ ಗೆರೆ. ಮಾರುವವರ ಚುಕ್ಕಿಗಳನ್ನು ಕೂಡಿಸಿದರೆ ಎಡದ ಕೆಳಗಿನಿಂದ ಬಲದ ಮೇಲಕ್ಕೆ ಏರುವ ಗೆರೆ. ಇದು ಪೂರೈಕೆಯ ಗೆರೆ. ಎರಡೂ ಒಂದನ್ನೊಂದು ದಾಟುವ ಜಾಗ 10 ರೂಪಾಯಿ, 100 ಮಣ. ಅಲ್ಲಿ ತಂದ ಮಾಲೆಲ್ಲ ಮಾರಿಹೋಗುತ್ತದೆ, ಆ ಬೆಲೆ ಕೊಡಲು ಸಿದ್ಧರಾದವರಿಗೆಲ್ಲ ಮಾಲು ಸಿಗುತ್ತದೆ. ಬೆಲೆ 8 ಆದರೆ 40 ಮಣ ಸಾಲದೆ ಬರುತ್ತದೆ. ಕೊಳ್ಳುವವರು ಮೇಲೆ ಬಿದ್ದು ಬೆಲೆ ಏರಿಸುತ್ತಾರೆ. ಬೆಲೆ 12 ಆದರೆ 40 ಮಣ ಉಳಿದುಬಿಡುತ್ತದೆ. ಮಾರುವವನು ಬೆಲೆ ಇಳಿಸುತ್ತಾನೆ. ಹೀಗೆ ಎರಡು ಕಡೆಯಿಂದಲೂ ಬೆಲೆ ಆ ಜಾಗಕ್ಕೇ ಬಂದು ನಿಲ್ಲುತ್ತದೆ. ಇದನ್ನೇ ಸಮತೋಲದ ಬೆಲೆ ಎನ್ನುತ್ತಾರೆ. ಸಮತೋಲವೆಂದರೆ ನ್ಯಾಯದ ಬೆಲೆ ಎಂದು ಅರ್ಥವಲ್ಲ. ತಕ್ಕಡಿ ನಿಂತಿತು ಎಂದಷ್ಟೇ ಅರ್ಥ. ತಕ್ಕಡಿಯ ಒಂದು ತಟ್ಟೆಯಲ್ಲಿ ಹಸಿದವನ ಅಗತ್ಯವಿದ್ದರೂ ಅವನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಈ ಗೆರೆ ಅವನನ್ನು ಎಣಿಸುವುದಿಲ್ಲ.

ಈಗ ಮಾಲು ಕಡಿಮೆಯಾಯಿತು ಎಂದುಕೊಳ್ಳಿ. ಮಳೆ ಕೈಕೊಟ್ಟಿತು, ಅಥವಾ ದಾರಿ ಕಟ್ಟಿತು. ಯಾವ ಬೆಲೆಗೇ ಆಗಲಿ, ಮೊದಲಿಗಿಂತ 40 ಮಣ ಕಡಿಮೆ ಬರುತ್ತದೆ. 10 ರೂಪಾಯಿಗೆ 100 ಬರುತ್ತಿದ್ದುದು ಈಗ 60. 12 ರೂಪಾಯಿಗೆ 120 ಬರುತ್ತಿದ್ದುದು 80. ಪೂರೈಕೆಯ ಗೆರೆ ಇಡಿಯಾಗಿ ಎಡಕ್ಕೆ ಸರಿಯಿತು. ಬೇಡಿಕೆಯ ಗೆರೆ ಇದ್ದಲ್ಲಿಯೇ ಇದೆ. ಅದನ್ನು ಯಾರೂ ಮುಟ್ಟಿಲ್ಲ. ಹೊಸ ಜಾಗ ಎಲ್ಲಿ? ಪಟ್ಟಿ ನೋಡಿ: 12 ರೂಪಾಯಿಗೆ ಕೇಳುವುದೂ 80, ಬರುವುದೂ 80. ಬೆಲೆ 10ರಿಂದ 12ಕ್ಕೆ ಏರಿತು, ಪ್ರಮಾಣ 100ರಿಂದ 80ಕ್ಕೆ ಇಳಿಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೋದ ಮಾಲು 40 ಮಣ. ಆದರೆ ವ್ಯಾಪಾರ ಇಳಿದದ್ದು 20 ಮಣ ಮಾತ್ರ. ಉಳಿದ 20 ಎಲ್ಲಿಂದ ಬಂತು? ಬೆಲೆ ಏರಿದ್ದನ್ನು ಕಂಡು, 10 ರೂಪಾಯಿಗೆ ಮಾಲು ತರದಿದ್ದವರು 12 ರೂಪಾಯಿಗೆ ತಂದರು. ಇತ್ತ 10 ರೂಪಾಯಿಗೆ ಕೊಳ್ಳುತ್ತಿದ್ದವರು 20 ಮಣದಷ್ಟು ಕೊಳ್ಳುವುದನ್ನು ಬಿಟ್ಟರು. ಕೊರತೆಯ ಅರ್ಧವನ್ನು ಹೊಸದಾಗಿ ಬಂದ ಮಾಲು ತುಂಬಿತು, ಇನ್ನರ್ಧವನ್ನು ಕೊಳ್ಳಲಾರದೆ ಹಿಂದೆ ಸರಿದವರು ಹೊತ್ತರು. ಎಲ್ಲ ಕಡೆಯೂ ಅರ್ಧರ್ಧವೇ ಆಗುತ್ತದೆಂದಲ್ಲ. ಗೆರೆಗಳು ಎಷ್ಟು ಕಡಿದಾಗಿವೆ ಎಂಬುದರ ಮೇಲೆ ಪಾಲು ಬದಲಾಗುತ್ತದೆ. ಜನ ಬಿಟ್ಟಿರಲಾರದ ಉಪ್ಪಿನಂಥ ಮಾಲಿನಲ್ಲಿ ಬೇಡಿಕೆಯ ಗೆರೆ ಗೋಡೆಯಂತೆ ನಿಂತಿರುತ್ತದೆ. ಅಲ್ಲಿ ಸ್ವಲ್ಪ ಕೊರತೆಗೂ ಬೆಲೆ ಜಿಗಿಯುತ್ತದೆ.

ಹುಡುಗನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನಾವು ಮಾತಿನಲ್ಲಿ "ಬೇಡಿಕೆ ಇಳಿಯಿತು" ಎಂಬ ಒಂದೇ ಮಾತನ್ನು ಎರಡು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ತೊಡಕೆಲ್ಲ ಅಲ್ಲಿಯೇ ಇರುವುದು. ಬೆಲೆ ಏರಿದ್ದರಿಂದ ಜನ 100ರ ಬದಲು 80 ಮಣ ಕೊಂಡರು. ಇದು ಅದೇ ಗೆರೆಯ ಮೇಲೆ ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ ನಡೆದದ್ದು. ಗೆರೆ ಸರಿಯಲಿಲ್ಲ. ಆದ್ದರಿಂದ ಬೆಲೆಯನ್ನು ಮತ್ತೆ ಕೆಳಗೆ ಎಳೆಯುವ ಹೊಸ ಶಕ್ತಿ ಅದರಲ್ಲಿಲ್ಲ. ಅವರು ಕಡಿಮೆ ಕೊಂಡದ್ದರಿಂದಲೇ ಬೆಲೆ 12ಕ್ಕೆ ನಿಂತಿತು; ಇಲ್ಲದಿದ್ದರೆ ಇನ್ನೂ ಮೇಲೆ ಹೋಗುತ್ತಿತ್ತು. ಬೇಡಿಕೆಯೇ ಇಳಿಯಿತು ಎನ್ನಬೇಕಾದರೆ, ಹಳೆಯ 10 ರೂಪಾಯಿ ಬೆಲೆಗೂ ಜನ ಮೊದಲಿಗಿಂತ ಕಡಿಮೆ ಕೇಳಬೇಕು. ಗಿರಣಿಯಲ್ಲಿ ಕೆಲಸದ ಪಾಳಿ ಕಡಿತವಾಗಿ ಬಟವಾಡೆ ಇಳಿದರೆ ಹಾಗಾಗುತ್ತದೆ. ಆಗ ಗೆರೆಯೇ ಎಡಕ್ಕೆ ಸರಿಯುತ್ತದೆ. ಮಾಲಿನ ಸ್ವಂತ ಬೆಲೆ ಬದಲಾದರೆ ಗೆರೆಯ ಮೇಲೆ ನಡಿಗೆ. ಬೇರೆ ಏನಾದರೂ ಬದಲಾದರೆ ಗೆರೆಯ ಸರಿತ. ಇಷ್ಟನ್ನು ಮನಸ್ಸಿನಲ್ಲಿಟ್ಟರೆ ಈ ಪಾಠದ ಮುಕ್ಕಾಲು ಮುಗಿಯಿತು.

ಇನ್ನು ಎರಡನೆಯ ಚಿತ್ರ. ಪೂರೈಕೆಯ ಗೆರೆಯನ್ನು ಮೊದಲಿನ ಜಾಗದಲ್ಲಿಯೇ ಬಿಡೋಣ. ಬೇರೆ ಊರಿನ ಖರೀದಿದಾರರು ನಮ್ಮ ಪೇಟೆಗೆ ಬಂದರು. ಯಾವ ಬೆಲೆಗೇ ಆಗಲಿ, ಮೊದಲಿಗಿಂತ 40 ಮಣ ಹೆಚ್ಚು ಕೇಳುತ್ತಾರೆ. 10 ರೂಪಾಯಿಗೆ 100 ಇದ್ದುದು 140. 12 ರೂಪಾಯಿಗೆ 80 ಇದ್ದುದು 120. ಬೇಡಿಕೆಯ ಗೆರೆ ಬಲಕ್ಕೆ ಸರಿಯಿತು. ಹೊಸ ಜಾಗ ಎಲ್ಲಿ? 12 ರೂಪಾಯಿಗೆ ಕೇಳುವುದು 120, ತರುವುದು 120.

ಎರಡು ಚಿತ್ರಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿಯೂ ಬೆಲೆ 10ರಿಂದ 12ಕ್ಕೆ ಏರಿತು. ಬೆಲೆಯ ಹಲಗೆಯನ್ನು ಮಾತ್ರ ಓದಿದವನಿಗೆ ಎರಡೂ ಒಂದೇ. ಆದರೆ ಒಂದರಲ್ಲಿ ವ್ಯಾಪಾರ 80ಕ್ಕೆ ಇಳಿಯಿತು, ಇನ್ನೊಂದರಲ್ಲಿ 120ಕ್ಕೆ ಏರಿತು. ಪರೀಕ್ಷೆ ಇಷ್ಟೇ: ಬೆಲೆ ಏರಿ ಪ್ರಮಾಣ ಇಳಿದಿದ್ದರೆ ಪೂರೈಕೆಯ ಗೆರೆ ಸರಿದಿದೆ, ಬೆಲೆಯೂ ಪ್ರಮಾಣವೂ ಜೊತೆಯಾಗಿ ಏರಿದ್ದರೆ ಬೇಡಿಕೆಯ ಗೆರೆ ಸರಿದಿದೆ. ಇಳಿತಕ್ಕೂ ಇದೇ ಮಾತು. ಬೆಲೆ ಇಳಿದು ವ್ಯಾಪಾರ ಹೆಚ್ಚಿದರೆ ಮಾಲು ಹೇರಳವಾಗಿದೆ. ಬೆಲೆಯೂ ವ್ಯಾಪಾರವೂ ಕೂಡಿ ಇಳಿದರೆ ಕೊಳ್ಳುವವನ ಕೈ ಬರಿದಾಗಿದೆ. ಬೆಲೆಯನ್ನು ಮಾತ್ರ ಕೇಳಿ ತೀರ್ಪು ಕೊಡಬಾರದು. ಎಷ್ಟು ಮಾಲು ಕೈ ಬದಲಾಯಿತು ಎಂದೂ ಕೇಳಬೇಕು.

ಈ ಪರೀಕ್ಷೆಯನ್ನು ನಿಜವಾಗಿ ನಡೆದ ಒಂದು ಪ್ರಕರಣದ ಮೇಲೆ ಹಚ್ಚಿ ನೋಡೋಣ. ಹತ್ತಿಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ. ಅದರ ಒಂದು ತುದಿ ಇಂಗ್ಲೆಂಡಿನಲ್ಲಿ, ಇನ್ನೊಂದು ತುದಿ ನಮ್ಮ ಧಾರವಾಡ ಸೀಮೆಯಲ್ಲಿ ಇತ್ತು.

ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತ ಗಿರಣಿಗಳ ನಾಡು. ಅಲ್ಲಿಗೆ ಹತ್ತಿ ಲಿವರ್‌ಪೂಲ್ ಬಂದರಿನಲ್ಲಿ ಇಳಿಯುತ್ತಿತ್ತು. 1860ರಲ್ಲಿ ಬ್ರಿಟನ್ನಿಗೆ ಬಂದ ಹತ್ತಿ ಸುಮಾರು 139 ಕೋಟಿ ಪೌಂಡು. ಅದರಲ್ಲಿ ಸುಮಾರು 111 ಕೋಟಿ ಪೌಂಡು ಅಮೆರಿಕದ್ದು, ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆದದ್ದು. 1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಉತ್ತರದವರ ನೌಕೆಗಳು ದಕ್ಷಿಣದ ಬಂದರುಗಳನ್ನು ಮುತ್ತಿದವು. ಮೊದಮೊದಲು ದಕ್ಷಿಣದವರು ತಾವಾಗಿಯೇ ಹತ್ತಿಯನ್ನು ತಡೆಹಿಡಿದುದೂ ಉಂಟು. 1862ರಲ್ಲಿ ಬ್ರಿಟನ್ನಿಗೆ ಬಂದ ಒಟ್ಟು ಹತ್ತಿ ಸುಮಾರು 52 ಕೋಟಿ ಪೌಂಡು ಮಾತ್ರ. ಬೆಲೆ? 1860ರಲ್ಲಿ ಅಮೆರಿಕದ ಮಧ್ಯಮ ಜಾತಿಯ ಹತ್ತಿ ಲಿವರ್‌ಪೂಲಿನಲ್ಲಿ ಪೌಂಡಿಗೆ ಸುಮಾರು 6 ಪೆನ್ಸ್ ಇತ್ತು. 1862ರ ಸರಾಸರಿ 17 ಪೆನ್ಸ್, 1864ರದು 27 ಪೆನ್ಸಿನ ಆಸುಪಾಸು. ಬೆಲೆ ಏರಿತು, ಪ್ರಮಾಣ ಇಳಿಯಿತು. ನಮ್ಮ ಪರೀಕ್ಷೆ ಏನು ಹೇಳುತ್ತದೆ? ಪೂರೈಕೆಯ ಗೆರೆ ಎಡಕ್ಕೆ ಸರಿದಿದೆ. ಕರಿಹಲಗೆಯ ಮೊದಲನೆಯ ಚಿತ್ರವೇ ಇದು.

ಆ ಚಿತ್ರದಲ್ಲಿ "ಕೊಳ್ಳುವುದನ್ನು ಬಿಟ್ಟರು" ಎಂದು ನಾವು ಸುಲಭವಾಗಿ ಹೇಳಿದೆವಲ್ಲ, ಲ್ಯಾಂಕಷೈರಿನಲ್ಲಿ ಅದರ ಅರ್ಥವೇನು? ಹತ್ತಿ ಕೊಳ್ಳಲಾರದೆ ಗಿರಣಿಗಳು ಅರ್ಧ ದಿನ ನಡೆದವು, ಕೆಲವು ಬಾಗಿಲು ಹಾಕಿದವು. ಹತ್ತಿಯ ಚಿತ್ರದಲ್ಲಿ ಗೆರೆಯ ಮೇಲಿನ ನಡಿಗೆಯಾದದ್ದು ದುಡಿಮೆಯ ಚಿತ್ರದಲ್ಲಿ ಗೆರೆಯ ಸರಿತವಾಯಿತು: ಯಾವ ಕೂಲಿಗೇ ಆಗಲಿ, ಮೊದಲಿನಷ್ಟು ಕೆಲಸಗಾರರನ್ನು ಕೇಳುವವರಿಲ್ಲ. 1862ರ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಜನ ದತ್ತಿಯ ಅನ್ನದ ಮೇಲೆ ಬದುಕುತ್ತಿದ್ದರು. ಚಿತ್ರದಲ್ಲಿ ಒಂದು ಗೇಣು ಉದ್ದದ ಗೆರೆ. ಅದರ ಮೇಲೆ ಅಷ್ಟು ಮನೆಗಳ ಒಲೆ ಆರಿತ್ತು.

ಈಗ ಅದೇ ಘಟನೆಯನ್ನು ನಮ್ಮ ಕಡೆಯಿಂದ ನೋಡೋಣ. ನಮ್ಮ ಎರೆ ಭೂಮಿಯಲ್ಲಿ ಆಗ ಹತ್ತಿ ಬೆಳೆಯುತ್ತಿತ್ತು. 1840ರ ದಶಕದಿಂದ ಅಮೆರಿಕದ ಬೀಜವನ್ನೂ ಇಲ್ಲಿ ಬಿತ್ತಿದ್ದರು, ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರು ಬಂದಿತ್ತು. ರೈಲು ಇನ್ನೂ ಈ ಸೀಮೆಗೆ ಬಂದಿರಲಿಲ್ಲ. ಹತ್ತಿ ಎತ್ತುಗಳ ಮೇಲೆ, ಬಂಡಿಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ನಮ್ಮ ರೈತನ ಹೊಲದಲ್ಲಿ ಯಾವ ಯುದ್ಧವೂ ನಡೆದಿರಲಿಲ್ಲ. ಮಳೆ ಎಂದಿನಂತೆ, ಮಣ್ಣು ಎಂದಿನಂತೆ. ಬದಲಾದದ್ದು ಕೊಳ್ಳುವವನು: ಅಮೆರಿಕದ ಹತ್ತಿ ಸಿಗದ ಲಿವರ್‌ಪೂಲಿನವನು ಭಾರತದ ಹತ್ತಿಗಾಗಿ ಕೈ ಚಾಚಿದ. ಭಾರತದಿಂದ ಬ್ರಿಟನ್ನಿಗೆ ಹೋದ ಹತ್ತಿ 1860ರಲ್ಲಿ ಸುಮಾರು 20 ಕೋಟಿ ಪೌಂಡು. 1864ರಲ್ಲಿ ಸುಮಾರು 50 ಕೋಟಿ. ಬೆಲೆಯೂ ಏರಿತು, ಪ್ರಮಾಣವೂ ಏರಿತು. ಇದು ಎರಡನೆಯ ಚಿತ್ರ. ಇಲ್ಲಿ ಬೇಡಿಕೆಯ ಗೆರೆ ಬಲಕ್ಕೆ ಸರಿದಿದೆ.

ಯುದ್ಧ ಒಂದೇ, ಮಾಲು ಹತ್ತಿಯೇ, ಎರಡು ಕಡೆಯೂ ಬೆಲೆ ಏರಿದ್ದೇ. ಆದರೂ ಲಿವರ್‌ಪೂಲಿನ ಚಿತ್ರದಲ್ಲಿ ಅದು ಪೂರೈಕೆಯ ಸರಿತ, ಮುಂಬಯಿಯ ಚಿತ್ರದಲ್ಲಿ ಬೇಡಿಕೆಯ ಸರಿತ. ಆದ್ದರಿಂದ ಚಿತ್ರ ಬರೆಯುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವ ಪೇಟೆಯ ಚಿತ್ರ? ನಮ್ಮ ಜಗಳದ ಅರ್ಧ ಇಲ್ಲಿಯೇ ಕರಗುತ್ತದೆ. ಕಿರಾಣಿ ಅಂಗಡಿಯವರು ತಮಗೆ ಮಾಲು ಕೊಡುವ ದೊಡ್ಡ ಪೇಟೆಯ ಚಿತ್ರವನ್ನು ನೋಡುತ್ತಿದ್ದರು, ನೂಲು ಖಾತೆಯ ಸಂಗಾತಿ ತಮ್ಮ ಓಣಿಯ ಚಿತ್ರವನ್ನು ನೋಡುತ್ತಿದ್ದರು.

ಇನ್ನು ಕಾಲದ ಮಾತು. ನಾವು ಹಲಗೆಯ ಮೇಲೆ ಒಂದು ಕೈಬೀಸಿನಲ್ಲಿ ಹೊಸ ಜಾಗಕ್ಕೆ ಹೋದೆವು. ಹೊಲದಲ್ಲಿ ಹಾಗಾಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಬೇಡಿಕೆ ಏರಿದರೆ ರೈತ ಏನು ಮಾಡಿಯಾನು? ಇರುವ ಹತ್ತಿ 100 ಮಣ, ಅಷ್ಟೇ. ಪೂರೈಕೆಯ ಗೆರೆ ನೆಟ್ಟಗೆ ನಿಂತ ಕಂಬದಂತಿರುತ್ತದೆ. ಆಗ ಹೊಸ ಬೇಡಿಕೆಯ ಗೆರೆ 100 ಮಣವನ್ನು ಮುಟ್ಟುವುದು 14 ರೂಪಾಯಿಯಲ್ಲಿ. ಮುಂದಿನ ಹಂಗಾಮಿಗೆ ಹೆಚ್ಚು ಎಕರೆ ಬಿತ್ತಿ, ಬೆಳೆದು, ಬಿಡಿಸಿ, ಹಿಂಜಿ ಪೇಟೆಗೆ ತಂದಾಗಲೇ ಬೆಲೆ 14ರಿಂದ 12ಕ್ಕೆ ಇಳಿದು, ಪ್ರಮಾಣ 120 ಆಗುವುದು. ಮೊದಲು ಬೆಲೆ ಜಿಗಿಯುತ್ತದೆ, ಆಮೇಲೆ ಮಾಲು ಬರುತ್ತದೆ. ನಡುವಿನ ಆ ಹಂಗಾಮಿನಲ್ಲಿ 14 ರೂಪಾಯಿಯ ಲಾಭ ಯಾರಿಗೆ? ಆ ಹೊತ್ತಿನಲ್ಲಿ ಮಾಲು ಯಾರ ಕೈಯಲ್ಲಿದೆಯೋ ಅವರಿಗೆ. ಸಾಹುಕಾರನಿಂದ ಮುಂಗಡ ತೆಗೆದುಕೊಂಡು, ಕಾಯಿ ಒಡೆಯುವ ಮೊದಲೇ ದರ ಕಡಿದುಕೊಂಡ ರೈತನ ಕೈಯಲ್ಲಿ ಅದು ಇರುವುದಿಲ್ಲ. ಬೆಲೆ ಏರಿತು ಎಂದ ಮಾತ್ರಕ್ಕೆ ಬೆಳೆದವನಿಗೆ ಸಿಕ್ಕಿತು ಎನ್ನಲಾಗದು. ಚಿತ್ರ ಬೆಲೆಯನ್ನು ತೋರಿಸುತ್ತದೆ. ಅದು ಎಷ್ಟು ಕೈಗಳಲ್ಲಿ ಹಂಚಿಹೋಯಿತು ಎಂಬುದಕ್ಕೆ ಬೇರೆ ಲೆಕ್ಕ ಬೇಕು.

ಇನ್ನೊಂದು ಎಳೆಯನ್ನೂ ಹಿಡಿಯೋಣ. ಹೆಚ್ಚು ಹತ್ತಿ ಬಿತ್ತಿದ ಎಕರೆ ಆಕಾಶದಿಂದ ಬೀಳಲಿಲ್ಲ. ಜೋಳ ಬಿತ್ತುತ್ತಿದ್ದ ಎರೆಯಲ್ಲಿ ಹತ್ತಿ ಬಿತ್ತಿದರೆ, ಹತ್ತಿಯ ಚಿತ್ರದಲ್ಲಿ ಅದು ಗೆರೆಯ ಮೇಲಿನ ನಡಿಗೆ. ಆದರೆ ಜೋಳದ ಚಿತ್ರದಲ್ಲಿ ಪೂರೈಕೆಯ ಗೆರೆಯೇ ಎಡಕ್ಕೆ ಸರಿಯುತ್ತದೆ. ಆ ವರ್ಷಗಳಲ್ಲಿ ಮುಂಬಯಿ ಪ್ರಾಂತದಲ್ಲಿ ಧಾನ್ಯದ ಬೆಲೆಯೂ ಬಹಳ ಏರಿತು. ಅದಕ್ಕೆ ಹತ್ತಿಯೊಂದೇ ಕಾರಣವಲ್ಲ. ಹತ್ತಿಯ ಹಣ ಹರಿದು ಬಂದದ್ದು, ರೈಲ್ವೆ ಕಾಮಗಾರಿಯ ಕೂಲಿ ಇವೂ ಸೇರಿದ್ದವು. ಆದರೆ ಹತ್ತಿ ಬೆಳೆಯದ, ರೊಟ್ಟಿಯನ್ನು ಕೊಂಡೇ ತಿನ್ನುವ ಕೂಲಿಗಾರನಿಗೆ ಹತ್ತಿಯ ಸುಗ್ಗಿ ಬಂದದ್ದು ಜೋಳದ ತುಟ್ಟಿಯ ರೂಪದಲ್ಲಿ. ಕೈಮಗ್ಗದ ನೇಕಾರನಿಗೂ ಹಾಗೆಯೇ: ಅವನ ಹತ್ತಿ, ಅವನ ನೂಲು ದುಬಾರಿಯಾಯಿತು. ಒಂದು ಪೇಟೆಯ ನಡಿಗೆ ಪಕ್ಕದ ಪೇಟೆಯ ಸರಿತವಾಗುತ್ತದೆ ಎಂಬುದನ್ನು ಮರೆಯಬೇಡಿ.

ಈ ಚಿತ್ರ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮೂರು ಮಾತು ಹೇಳುತ್ತೇವೆ.

ಮೊದಲನೆಯದು, ಚಿತ್ರವು ಮಾಲು ಒಂದೇ ತರಹದ್ದು ಎಂದು ಹಿಡಿಯುತ್ತದೆ. ಲ್ಯಾಂಕಷೈರಿನ ನೇಕಾರನನ್ನು ಕೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ. ಭಾರತದಿಂದ ಬಂದ ಹತ್ತಿಗೆ ಅಲ್ಲಿ "ಸೂರತ್" ಎಂದು ಹೆಸರು. ಅದರ ಎಳೆ ಗಿಡ್ಡ. ಅಮೆರಿಕದ ಹತ್ತಿಗೆ ಹೊಂದಿಸಿದ ಯಂತ್ರದಲ್ಲಿ ಮತ್ತೆ ಮತ್ತೆ ಕಡಿಯುತ್ತಿತ್ತು. ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ತುಂಡಿನ ಮೇಲೆ ಕೂಲಿ ಪಡೆಯುವವನ ಬಟವಾಡೆ ಇಳಿಯುತ್ತದೆ. ಇದನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಬೆಲೆ ಏರಿದ ಕಾಲದಲ್ಲಿ ಹತ್ತಿಯೊಳಗೆ ಬೀಜ, ಕಸ, ಮಣ್ಣು ಬೆರೆಸುವ ಮೋಸವೂ ಹೆಚ್ಚಿತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು. ಪೌಂಡಿನ ಲೆಕ್ಕದಲ್ಲಿ ಪೂರೈಕೆ ಬೆಳೆದಂತೆ ಕಂಡರೂ ಅದರಲ್ಲಿ ಹತ್ತಿ ಎಷ್ಟು, ಕಸ ಎಷ್ಟು ಎಂದು ಕೇಳಬೇಕು.

ಎರಡನೆಯದು, ಎರಡು ಗೆರೆಗಳೂ ಒಟ್ಟಿಗೆ ಸರಿಯಬಹುದು. ಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಲ್ಯಾಂಕಷೈರಿನ ಗಿರಣಿಗಳು ಮಿತಿಮೀರಿ ಬಟ್ಟೆ ನೇಯ್ದು ಗೋದಾಮು ತುಂಬಿಸಿದ್ದವು. 1861ರಲ್ಲಿ ಹತ್ತಿಯ ಕೊರತೆ ತಟ್ಟುವ ಮೊದಲೇ ಕೆಲವು ಮಾಲೀಕರು ಕೆಲಸದ ಹೊತ್ತು ಇಳಿಸಿದ್ದರು. ಅಂದರೆ ಬೇಡಿಕೆಯ ಗೆರೆಯೂ ಎಡಕ್ಕೆ ಸರಿಯುತ್ತಿತ್ತು. ಎರಡೂ ಎಡಕ್ಕೆ ಸರಿದರೆ ಪ್ರಮಾಣ ಇಳಿಯುವುದು ಖಂಡಿತ. ಬೆಲೆ ಎತ್ತ ಹೋಗುತ್ತದೆ ಎಂಬುದು ಯಾವುದು ಹೆಚ್ಚು ಸರಿಯಿತು ಎಂಬುದರ ಮೇಲಿದೆ. ಬೆಲೆ ಏರಿದ್ದರಿಂದ ಪೂರೈಕೆಯ ಸರಿತ ದೊಡ್ಡದು ಎನ್ನಬಹುದು. ಆದರೆ ಕೆಲಸ ಹೋದದ್ದೆಲ್ಲ ಯುದ್ಧದಿಂದಲೇ ಎಂದು ಮಾಲೀಕ ಹೇಳಿದರೆ, ಗೋದಾಮಿನ ಬಾಗಿಲು ತೆಗೆಸಿ ನೋಡಬೇಕು.

ಮೂರನೆಯದು, ನಮ್ಮ ಜಗಳಕ್ಕೆ ಬಹಳ ಮುಖ್ಯವಾದದ್ದು. ಯಾವ ಗೆರೆ ಸರಿಯಿತು ಎಂದು ಚಿತ್ರ ಹೇಳುತ್ತದೆ. ಯಾರು ಸರಿಸಿದರು ಎಂದು ಹೇಳುವುದಿಲ್ಲ. ಮಳೆ ಕೈಕೊಟ್ಟರೂ ಪೂರೈಕೆಯ ಗೆರೆ ಎಡಕ್ಕೆ. ದೊಡ್ಡ ದಾಸ್ತಾನುಗಾರ ನಾಳೆ ಬೆಲೆ ಏರುತ್ತದೆಂದು ಗೋದಾಮಿಗೆ ಬೀಗ ಹಾಕಿದರೂ ಅದೇ ಗೆರೆ, ಅದೇ ಎಡಕ್ಕೆ. ನಾಳೆಯ ಎಣಿಕೆಗೆ ಎಷ್ಟು ಬಲವಿದೆ ಎಂಬುದನ್ನೂ ಆ ಹತ್ತಿಯೇ ತೋರಿಸಿತು. 1864ರ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಸಂಧಿಯಾಗುತ್ತದೆಂಬ ಸುದ್ದಿ ಹಬ್ಬಿದಾಗ, ಒಂದು ಮೂಟೆ ಹೊಸ ಹತ್ತಿಯೂ ಬರುವ ಮೊದಲೇ ಲಿವರ್‌ಪೂಲಿನ ಬೆಲೆ ಕುಸಿಯಿತು. ಕೂಡಿಟ್ಟವರು ಮಾರಲು ಓಡಿದರು. 1865ರಲ್ಲಿ ಯುದ್ಧ ಮುಗಿದಾಗ, ಹತ್ತಿಯ ಹಣದ ಮೇಲೆ ಕಟ್ಟಿದ ಮುಂಬಯಿಯ ಷೇರು ವ್ಯವಹಾರ ನೆಲ ಕಚ್ಚಿತು. ಬ್ಯಾಂಕುಗಳು, ಕಂಪನಿಗಳು ಮುಳುಗಿದವು.

ಹಾಗಾದರೆ ಮುಚ್ಚಿಟ್ಟದ್ದನ್ನು ಕೊರತೆಯಿಂದ ಬೇರೆ ಮಾಡಿ ತಿಳಿಯುವುದು ಹೇಗೆ? ಬೆಲೆ, ಮಾರಾಟ ಎರಡನ್ನು ನೋಡಿದರೆ ಸಾಲದು. ಮೂರನೆಯ ಲೆಕ್ಕವೊಂದು ಬೇಕು, ಅದು ದಾಸ್ತಾನಿನ ಲೆಕ್ಕ. ಬೆಳೆ ಕಡಿಮೆಯಾಗಿ ಕೊರತೆ ಬಿದ್ದಿದ್ದರೆ ಗೋದಾಮುಗಳು ಕರಗುತ್ತಿರುತ್ತವೆ. ಪೇಟೆಗೆ ಬರುವ ಮಾಲು ಇಳಿದು, ಬೆಲೆ ಏರಿ, ಅದೇ ಹೊತ್ತಿನಲ್ಲಿ ಗೋದಾಮುಗಳು ತುಂಬುತ್ತಿದ್ದರೆ ಗೆರೆಯನ್ನು ಸರಿಸಿದ್ದು ಮಳೆಯಲ್ಲ. ಹತ್ತು ಮೂಟೆ ಇಡಲು ಜಾಗವಿಲ್ಲದ ಕಿರಾಣಿ ಅಂಗಡಿಯವರ ಮೇಲೆ ಕೂಗಾಡುವುದಕ್ಕಿಂತ ಪೇಟೆಯ ಆವಕದ ವಹಿಯನ್ನೂ ಗೋದಾಮಿನ ದಾಸ್ತಾನು ಪುಸ್ತಕವನ್ನೂ ತೋರಿಸಿರೆಂದು ಕೇಳುವುದು ಲೇಸು. ಆ ಕೇಳಿಕೆಯನ್ನು ನೂಲು ಖಾತೆಯ ಸಂಗಾತಿಯೂ ಅಂಗಡಿಯ ಹಿರಿಯರೂ ಕೂಡಿಯೇ ಮಾಡಬಹುದು. ಇಬ್ಬರ ಹೊಟ್ಟೆಯೂ ಅದೇ ಗೆರೆಗೆ ಕಟ್ಟಿಬಿದ್ದಿದೆ.

ಮಾಸ್ತರಿಕೆ ಬಿಟ್ಟರೂ ಮನೆಗೆ ಲೆಕ್ಕ ಕೊಡುವ ಚಾಳಿ ನಮ್ಮನ್ನು ಬಿಟ್ಟಿಲ್ಲ. ಒಂದು ಲೆಕ್ಕ ಕೊಡುತ್ತೇವೆ. 1866ರಲ್ಲಿ ಲಿವರ್‌ಪೂಲಿನ ಹತ್ತಿಯ ಬೆಲೆ ಸರಾಸರಿ 15 ಪೆನ್ಸಿನ ಆಸುಪಾಸಿಗೆ ಇಳಿದಿತ್ತು. ಯುದ್ಧ ಮುಗಿದಿತ್ತು, ಅಮೆರಿಕದ ಹತ್ತಿ ಮತ್ತೆ ಬರತೊಡಗಿತ್ತು. ಭಾರತದ ಹತ್ತಿಯ ಬೇಡಿಕೆ ಎಡಕ್ಕೆ ಸರಿದಿದ್ದರೆ ಬೆಲೆಯ ಜೊತೆ ಪ್ರಮಾಣವೂ ಇಳಿಯಬೇಕಿತ್ತು. ಆದರೆ ಆ ವರ್ಷ ಭಾರತದಿಂದ ಬ್ರಿಟನ್ನಿಗೆ ಹೋದ ಹತ್ತಿ 60 ಕೋಟಿ ಪೌಂಡಿಗೂ ಹೆಚ್ಚು, 1864ಕ್ಕಿಂತಲೂ ಮೇಲೆ. ಬೆಲೆ ಇಳಿಯಿತು, ಪ್ರಮಾಣ ಏರಿತು. ಯಾವ ಗೆರೆ ಎತ್ತ ಸರಿದಿರಬೇಕು? ಸುಳಿವಾಗಿ ಎರಡು ಸಂಗತಿ ಹೇಳುತ್ತೇವೆ: ಒಮ್ಮೆ ಹತ್ತಿಗೆ ತಿರುಗಿಸಿದ ಹೊಲ ಒಂದೇ ವರ್ಷದಲ್ಲಿ ಹಿಂದಕ್ಕೆ ತಿರುಗುವುದಿಲ್ಲ, ಮತ್ತು 1863ರಲ್ಲಿ ಭೋರ್ ಘಟ್ಟವನ್ನು ಹತ್ತಿ ಇಳಿಯುವ ರೈಲು ಹಾದಿ ತೆರೆದು, ದಖ್ಖನಿನಿಂದ ಮುಂಬಯಿಗೆ ಮಾಲು ಸಾಗಿಸುವುದು ಅಗ್ಗವಾಗಿತ್ತು.

ಮುಂದಿನ ವಾರ ಬರುವಾಗ ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದು ತನ್ನಿ. ಹಿಂದಿನ ಸಾಲಿನ ಆ ಹುಡುಗನೇ ಮೊದಲು ಹಲಗೆಯ ಬಳಿಗೆ ಬರಲಿ.